ಮೈಸೂರು ಬಸ್ಸೆಲ್ಲ ಚನ್ನಪಟ್ಟಣಕ್ಕೆ ಹೋಗುತ್ತಿದ್ದ ಕಾಲ ಮುಗಿದಿದೆ, ಅದನ್ನು ಬಸ್ಸಿನ ಮೇಲೆ ಬರೆಯಿರಿ

ಗೆ,
ರಾಜ್ಯದ ರಸ್ತೆ ಸಾರಿಗೆ ನಿಗಮಗಳ ಸಂಚಾರ ವಿಭಾಗದ ಮುಖ್ಯಸ್ಥರಿಗೆ, ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ಮತ್ತು ಆ ದಾರಿಯ ಊರುಗಳ ನಗರಸಭೆ, ಪುರಸಭೆಗಳಿಗೆ

ವಿಷಯ: ಬಹಳ ವರ್ಷಗಳ ಮೇಲೆ ಊರಿಗೆ ಬರುವವರು ದಾರಿ ತಪ್ಪದಂತೆ ಬಸ್ಸು, ರಸ್ತೆ, ನಿಲ್ದಾಣಗಳಲ್ಲಿ ಆಗಬೇಕಾದ ಕೆಲಸಗಳು

ಮಾನ್ಯರೇ,

ಒಬ್ಬ ಮನುಷ್ಯನನ್ನು ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇವೆ. ಆತ ಕಲ್ಪನೆಯವನು, ಆದರೆ ಅಂಥವರು ಪ್ರತಿ ಯುಗಾದಿಗೂ ಪ್ರತಿ ಪಿತೃಪಕ್ಷಕ್ಕೂ ಬೆಂಗಳೂರಿನ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ನಿಂತಿರುತ್ತಾರೆ. 1999ರಲ್ಲಿ ಚನ್ನಪಟ್ಟಣ ಬಿಟ್ಟು ಮುಂಬೈಗೆ ಹೋದವನು. ಅಪ್ಪ ಬೊಂಬೆ ಕಡೆಯುವವರು, ಮನೆ ಇನ್ನೂ ಊರಲ್ಲೇ ಇದೆ. ಈಗ ವಯಸ್ಸು ಐವತ್ತರ ಮೇಲೆ. ಕೈಯಲ್ಲಿ ಎರಡು ಚೀಲ, ತಲೆಯಲ್ಲಿ ಒಂದೇ ಒಂದು ಸೂತ್ರ: ಮೈಸೂರು ಬಸ್ಸು ಯಾವುದಾದರೂ ಸರಿ, ಹತ್ತಿದರೆ ಚನ್ನಪಟ್ಟಣ ಬರುತ್ತದೆ.

ಆ ಸೂತ್ರ ಆಗ ತಪ್ಪಾಗುತ್ತಿರಲಿಲ್ಲ. ಇದ್ದದ್ದು ಒಂದೇ ರಸ್ತೆ. ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳು, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ, ಕೆಂಗಲ್ ಆಂಜನೇಯನ ಗುಡಿ, ಆಮೇಲೆ ರಸ್ತೆಯ ಎರಡೂ ಬದಿ ಬೊಂಬೆ ಅಂಗಡಿ. ಕೆಂಗಲ್ ಹನುಮಂತ ಕಂಡರೆ ಎದ್ದು ಚೀಲ ಇಳಿಸಿಕೊಂಡು ಬಾಗಿಲ ಹತ್ತಿರ ನಿಲ್ಲಬೇಕು, ದೊಡ್ಡಮಳೂರಿನ ಅಪ್ರಮೇಯನ ಗೋಪುರ ಕಂಡರೆ ಊರು ದಾಟಿ ಹೋಯಿತು ಎಂದರ್ಥ. ಯಾರನ್ನೂ ಕೇಳಬೇಕಿರಲಿಲ್ಲ, ಬೋರ್ಡು ಓದಬೇಕಿರಲಿಲ್ಲ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ ಆ ಸೂತ್ರವನ್ನು ಮುರಿಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಅದು ಬಳಸಿಕೊಂಡು ಹೋಗುತ್ತದೆ, ಮದ್ದೂರಿನಲ್ಲಿ ಊರ ಮೇಲೆಯೇ ಹಾಯುತ್ತದೆ. ಇವುಗಳಲ್ಲಿ ಉದ್ದದ್ದು ರಾಮನಗರ–ಚನ್ನಪಟ್ಟಣದ್ದು, ಸುಮಾರು 22 ಕಿಲೋಮೀಟರ್. ಎರಡು ಊರನ್ನೂ ಒಂದೇ ಬೈಪಾಸ್ ಬಳಸುವುದರಿಂದ, ಅದನ್ನು ಹಿಡಿದ ಬಸ್ಸಿಗೆ ರಾಮನಗರವೂ ಇಲ್ಲ, ಚನ್ನಪಟ್ಟಣವೂ ಇಲ್ಲ. ಕೆಂಗಲ್ ಹನುಮಂತನೂ ಇಲ್ಲ, ಬೊಂಬೆ ಅಂಗಡಿಯೂ ಇಲ್ಲ. ಕಿಟಕಿಯಾಚೆ ನೋಡುತ್ತ ಕುಳಿತವನಿಗೆ ತನ್ನ ಊರು ಹಿಂದೆ ಸರಿದದ್ದು ಗೊತ್ತಾಗುವ ಒಂದು ಗುರುತೂ ಆ 22 ಕಿಲೋಮೀಟರಿನಲ್ಲಿ ಸಿಗುವುದಿಲ್ಲ.

ರಸ್ತೆ ಬೇಡವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಬಸ್ಸುಗಳೆಲ್ಲ ಊರೊಳಗೇ ಬರಲಿ ಎಂದೂ ಕೇಳುತ್ತಿಲ್ಲ. ಲೆಕ್ಕ ಮಾಡಿ ನೋಡಿ. ವೇಗ ನಿಯಂತ್ರಕ ಇರುವ ಬಸ್ಸು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 22 ಕಿಲೋಮೀಟರನ್ನು ಹದಿನಾರು ಹದಿನೇಳು ನಿಮಿಷದಲ್ಲಿ ಮುಗಿಸುತ್ತದೆ. ಹಳೆ ರಸ್ತೆಯಲ್ಲಿ ಎರಡು ಊರಿನ ಸಿಗ್ನಲ್ಲು, ಉಬ್ಬು, ಆಟೋ, ಶಾಲೆ ಬಿಟ್ಟ ಮಕ್ಕಳ ನಡುವೆ ಸರಾಸರಿ 30ರ ವೇಗ ಎಂದುಕೊಂಡರೂ ಅಷ್ಟೇ ದೂರಕ್ಕೆ ನಲವತ್ತೈದು ನಿಮಿಷ ಬೇಕು. ಎರಡು ನಿಲ್ದಾಣದ ಒಳಗೆ ಹೋಗಿ ಬರಲು ನಾಲ್ಕು ನಾಲ್ಕು ನಿಮಿಷ ಸೇರಿಸಿದರೆ ವ್ಯತ್ಯಾಸ ಅರ್ಧ ಗಂಟೆಗೂ ಮೇಲೆ. ಮೈಸೂರಿಗೆ ಹೋಗುವ ನಲವತ್ತು ಜನರ ಅರ್ಧ ಗಂಟೆಯನ್ನು ಚನ್ನಪಟ್ಟಣದ ಇಬ್ಬರಿಗಾಗಿ ಕಳೆಯಿರಿ ಎನ್ನುವುದು ನ್ಯಾಯವಲ್ಲ. ತಡೆರಹಿತ ಬಸ್ಸು ತಡೆರಹಿತವಾಗಿಯೇ ಹೋಗಲಿ. ನಮ್ಮ ತಕರಾರು ಬೇರೆ. ಎರಡು ರಸ್ತೆ ಆದ ದಿನದಿಂದ ಪ್ರತಿ ಬಸ್ಸಿನ ವಿಷಯದಲ್ಲೂ "ಯಾವ ರಸ್ತೆ?" ಎಂಬ ಪ್ರಶ್ನೆ ಹುಟ್ಟಿದೆ. ಉತ್ತರ ಡಿಪೋದ ಷೆಡ್ಯೂಲ್ ಹಾಳೆಯಲ್ಲಿದೆ, ಚಾಲಕನ ತಲೆಯಲ್ಲಿದೆ, ಟಿಕೆಟ್ ಯಂತ್ರದ ಹೊಟ್ಟೆಯಲ್ಲಿದೆ. ಹತ್ತುವವನ ಕಣ್ಣಿಗೆ ಬೀಳುವ ಜಾಗದಲ್ಲಿ ಮಾತ್ರ ಇಲ್ಲ.

ಸ್ಯಾಟಲೈಟ್‌ನಲ್ಲಿ ನಿಂತವನ ಕಣ್ಣಿಗೆ ಏನು ಕಾಣುತ್ತದೆ ನೋಡೋಣ. ಬಸ್ಸಿನ ನೆತ್ತಿಯ ಮೇಲೆ ಎಲ್‌ಇಡಿ ಫಲಕ. "ಮೈಸೂರು" ಎಂದು ಕನ್ನಡದಲ್ಲಿ ಬರುತ್ತದೆ, ಆಮೇಲೆ ಇಂಗ್ಲಿಷ್, ಆಮೇಲೆ ದಾರಿಯ ಊರುಗಳು ಸಾಲಾಗಿ ಸರಿಯುತ್ತವೆ. ಒಂದೊಂದಕ್ಕೆ ನಾಲ್ಕೈದು ಸೆಕೆಂಡು ಹಿಡಿದರೆ "ಮಾರ್ಗ" ಎಂಬ ಭಾಗ ಹದಿನೈದು ಸೆಕೆಂಡಿಗೊಮ್ಮೆ ಮಾತ್ರ ಕಾಣುತ್ತದೆ. ನಿಲ್ದಾಣದಲ್ಲಿ ನಿಂತ ಬಸ್ಸಾದರೆ ಕಾದು ಓದಬಹುದು. ಕೆಂಗೇರಿಯಲ್ಲೋ ಬಿಡದಿ ಹತ್ತಿರವೋ ರಸ್ತೆ ಬದಿ ಕಾಯುವವನಿಗೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಅರವತ್ತು ಮೀಟರ್ ದೂರದಿಂದ ಮುಂದೆ ಬರಲು ಏಳು ಸೆಕೆಂಡು ಸಾಕು. ಆ ಏಳು ಸೆಕೆಂಡಿನಲ್ಲಿ ಫಲಕ ಇಂಗ್ಲಿಷ್ ತೋರಿಸುತ್ತಿದ್ದರೆ ಅವನ ಅದೃಷ್ಟ ಅಷ್ಟೇ.

ಇನ್ನೊಂದು ತೊಂದರೆ ನಮ್ಮ ಲಿಪಿಯದು, ಇದನ್ನು ಫಲಕ ಕೊಳ್ಳುವವರು ಗಮನಿಸುವುದೇ ಇಲ್ಲ. ಚನ್ನಪಟ್ಟಣ ಎಂಬ ಹೆಸರಿನಲ್ಲಿ ಎರಡು ಒತ್ತಕ್ಷರ ಇವೆ. ಹದಿನಾರು ಸಾಲು ದೀಪಗಳ ಫಲಕದಲ್ಲಿ ತಲೆಕಟ್ಟಿಗೆ, ಗುಣಿತಕ್ಕೆ ಜಾಗ ಬಿಟ್ಟು ಮೂಲ ಅಕ್ಷರಕ್ಕೆ ಹತ್ತು ಸಾಲು ಕೊಟ್ಟರೆ ಒತ್ತಿಗೆ ಉಳಿಯುವುದು ನಾಲ್ಕೈದು ಸಾಲು. ಅಷ್ಟರಲ್ಲಿ ನ ಒತ್ತೂ ಟ ಒತ್ತೂ ಒಂದೇ ಥರದ ಚುಕ್ಕಿ ಗುಂಪಾಗಿ ಕಾಣುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಹದಿನಾರು ಸಾಲು ಬೇಕಾದಷ್ಟಾಯಿತು, ಕನ್ನಡಕ್ಕೆ ಸಾಲದು. ಶ್ರೀರಂಗಪಟ್ಟಣದ ಗತಿ ಇನ್ನೂ ಕಷ್ಟ. ಮುಂದೆ ಫಲಕ ಕೊಳ್ಳುವಾಗ ಒತ್ತಕ್ಷರ ಇರುವ ಹೆಸರನ್ನೇ ಪರೀಕ್ಷೆಗೆ ಕೊಡಿ: ಇಪ್ಪತ್ತೈದು ಮೀಟರ್ ದೂರ ನಿಂತ, ಆ ಊರಿನ ಪರಿಚಯ ಇಲ್ಲದ ಇಬ್ಬರು ಓದಿ ಹೇಳಲಿ. "ಮೈಸೂರು" ಎಂದು ತೋರಿಸಿ ಒಪ್ಪಿಗೆ ಪಡೆಯುವ ಫಲಕ ಪರೀಕ್ಷೆಯೇ ಅಲ್ಲ.

ಅಲ್ಲಿಯವರೆಗೆ ನಾವು ಕೇಳುವುದು ತಗಡಿನ ಹಲಗೆ. ಮುಂದಿನ ಗಾಜಿನ ಕೆಳಗಡೆ ಎಡ ಮೂಲೆಯಲ್ಲಿ, ಅಂದರೆ ಜನ ನಿಲ್ಲುವ ಬದಿಗೆ, ಎರಡಡಿ ಅಗಲ, ಮುಕ್ಕಾಲಡಿ ಎತ್ತರದ್ದು ಸಾಕು. ಒಂದು ಮುಖದಲ್ಲಿ "ಹಳೆ ರಸ್ತೆ", ಇನ್ನೊಂದು ಮುಖದಲ್ಲಿ "ಬೈಪಾಸ್". ಎರಡಕ್ಕೂ ಬೇರೆ ಬೇರೆ ಬಣ್ಣದ ಹಿನ್ನೆಲೆ ಇದ್ದರೆ ಓದಲು ಬಾರದವರಿಗೂ ಒಂದು ವಾರದಲ್ಲಿ ರೂಢಿಯಾಗುತ್ತದೆ. ಅಕ್ಷರ ಹತ್ತು ಸೆಂಟಿಮೀಟರ್ ಎತ್ತರ ಇರಲಿ. ಒಂದು ಸೆಂಟಿಮೀಟರ್ ಎತ್ತರದ ಅಕ್ಷರ ಸುಮಾರು ಆರು ಮೀಟರ್ ದೂರಕ್ಕೆ ಓದಲು ಬರುತ್ತದೆ ಎಂಬುದು ಫಲಕ ಬರೆಯುವವರ ಹಳೆಯ ಲೆಕ್ಕ. ಹಾಗಾಗಿ ಇದು ಅರವತ್ತು ಮೀಟರ್‌ಗೆ ಕಾಣುತ್ತದೆ, ಮತ್ತು ಸರಿಯುವುದಿಲ್ಲ.

ಇದರ ಕೊರತೆಯೂ ನಮಗೆ ಗೊತ್ತು. ಕೆಲವು ಬಸ್ಸುಗಳು ರಾಮನಗರ–ಚನ್ನಪಟ್ಟಣ ಬಿಟ್ಟು ಮಂಡ್ಯದೊಳಗೆ ಹೋಗುತ್ತವೆ. ಅಂಥ ಬಸ್ಸಿಗೆ ಯಾವ ಮುಖ ತಿರುಗಿಸುವುದು? ಅದಕ್ಕೆ ಬಾಗಿಲ ಪಕ್ಕ ಇನ್ನೊಂದು ಹಲಗೆ ಬೇಕು: ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಈ ಆರೂ ಹೆಸರು ಒಂದರ ಕೆಳಗೊಂದು, ಪ್ರತಿ ಹೆಸರಿಗೂ ಪಕ್ಕಕ್ಕೆ ಸರಿಸುವ ತಗಡಿನ ಮುಚ್ಚಳ. ಬಸ್ಸು ಒಳಗೆ ಹೋಗದ ಊರಿನ ಹೆಸರು ಮುಚ್ಚಿರಬೇಕು. ಮುಚ್ಚಳ ಸರಿಸಲು ಮರೆಯುತ್ತಾರೆ ಎಂಬ ಮಾತು ಬಂದೇ ಬರುತ್ತದೆ. ಬಸ್ಸು ಹೊರಡುವ ಮುಂಚೆ ನಿರ್ವಾಹಕರು ಕಂಟ್ರೋಲರ್ ಬಳಿ ಎಂಟ್ರಿ ಹಾಕಿಸುತ್ತಾರಲ್ಲ, ಆಗಲೇ ಕಂಟ್ರೋಲರ್ ಷೆಡ್ಯೂಲ್ ನೋಡಿ ಹಲಗೆ ನೋಡಿ ಸಹಿ ಮಾಡಲಿ. ಹೊಸ ಹುದ್ದೆ ಬೇಡ, ಹೊಸ ಪುಸ್ತಕ ಬೇಡ.

ಹೆಸರಿನ ವಿಷಯ ಬಂದದ್ದರಿಂದ ಒಂದು ಮಾತು. ನಮ್ಮ ಮನುಷ್ಯ ಊರು ಬಿಟ್ಟಾಗ ಚನ್ನಪಟ್ಟಣ ಇದ್ದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. 2007ರಲ್ಲಿ ಅದು ರಾಮನಗರ ಜಿಲ್ಲೆಗೆ ಸೇರಿತು, 2025ರಲ್ಲಿ ಆ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಬೆಂಗಳೂರು ದಕ್ಷಿಣ ಎಂಬ ಹೆಸರು ಮೊದಲೇ ಒಂದು ತಾಲ್ಲೂಕಿಗೂ ಒಂದು ಲೋಕಸಭಾ ಕ್ಷೇತ್ರಕ್ಕೂ ಇದೆ, ಎರಡೂ ರಾಜಧಾನಿಯ ಕಡೆಯವು. ಜಿಲ್ಲೆಯ ಹೆಸರು ಏನಿರಬೇಕೆಂಬ ಚರ್ಚೆ ನಮ್ಮದಲ್ಲ. ದಾರಿ ತೋರಿಸುವ ಫಲಕದಲ್ಲಿ, ಟಿಕೆಟಿನಲ್ಲಿ, ಬಸ್ಸಿನ ನೆತ್ತಿಯಲ್ಲಿ ಜಿಲ್ಲೆಯ ಹೆಸರು ಬರೆಯಬೇಡಿ. ಊರಿನ ಹೆಸರು ಬರೆಯಿರಿ. ಊರಿನ ಹೆಸರು ಬದಲಾಗಿಲ್ಲ.

ಇನ್ನು ಬಸ್ಸಿನೊಳಗೆ. ನಮ್ಮವನು "ಮೈಸೂರು" ನೋಡಿ ಹತ್ತಿ ಕುಳಿತ. ಬಸ್ಸು ಹೊರಟು ಸ್ವಲ್ಪ ದೂರ ಬಂದ ಮೇಲೆ ನಿರ್ವಾಹಕರು ಬಂದರು. "ಚನ್ನಪಟ್ಟಣ ಒಂದು" ಎಂದ. "ಇದು ಊರೊಳಗೆ ಹೋಗಲ್ಲ ಯಜಮಾನ್ರೇ, ಬೈಪಾಸಲ್ಲೇ ಇಳ್ಕೋಬೇಕಾಗುತ್ತೆ" ಎಂದರು. ಆತನಿಗೆ ಬೈಪಾಸ್ ಎಂದರೆ ಊರ ಹೊರಗಿನ ಒಂದು ಸರ್ಕಲ್ಲು, ಅಲ್ಲೊಂದು ಟೀ ಅಂಗಡಿ, ನಾಲ್ಕು ಆಟೋ. "ಆಯ್ತು ಬಿಡಿ, ಆಟೋ ಹಿಡೀತೀನಿ" ಎಂದ. ಇಬ್ಬರೂ ಒಳ್ಳೆಯವರೇ. ಅಪಾಯ ಶುರುವಾಗುವುದು ಈ ಒಳ್ಳೆಯತನದಲ್ಲೇ.

ಟಿಕೆಟ್ ಯಂತ್ರದಲ್ಲಿ ಪ್ರತಿ ಮಾರ್ಗಕ್ಕೂ ಸ್ಟೇಜುಗಳ ಪಟ್ಟಿ ತುಂಬಿರುತ್ತಾರೆ. ಬೈಪಾಸ್ ಮಾರ್ಗದ ಪಟ್ಟಿಯಲ್ಲಿ ಚನ್ನಪಟ್ಟಣ ಎಂಬ ಸ್ಟೇಜೇ ಇರುವುದಿಲ್ಲ, ಇರಲೂ ಬಾರದು. ಆಗ ನಿರ್ವಾಹಕರ ಮುಂದೆ ಇರುವುದು ಎರಡೇ ದಾರಿ: ಮುಂದಿನ ಸ್ಟೇಜಿನ ಹಣ ತೆಗೆದುಕೊಂಡು ನಡುವೆ ಇಳಿಸುವುದು, ಅಥವಾ ಇಳಿದುಹೋಗಿ ಎಂದು ಜಗಳ ಮಾಡುವುದು. ಮೊದಲನೆಯದು ಸುಲಭ. ಹೀಗೆ ಇಳಿದವನು ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಟಿಕೆಟಿನ ಪ್ರಕಾರ ಆತ ಮುಂದಿನ ಊರಿಗೆ ಹೋಗಿದ್ದಾನೆ. ಆದ್ದರಿಂದಲೇ "ಬೈಪಾಸಿನಲ್ಲಿ ಎಷ್ಟು ಜನ ಇಳಿಯುತ್ತಾರೆ?" ಎಂದು ಯಾರಾದರೂ ಕೇಳಿದರೆ ನಿಮ್ಮ ಲೆಕ್ಕಪತ್ರ ಸೊನ್ನೆ ಎನ್ನುತ್ತದೆ, ಸೊನ್ನೆ ಇರುವ ಕಡೆ ನಿಲುಗಡೆ ಯಾಕೆ ಎಂಬ ತೀರ್ಮಾನವೂ ಅದರಿಂದಲೇ ಬರುತ್ತದೆ.

ಈ ಜನರನ್ನು ಎಣಿಸಲು ಬೇರೆ ಉಪಾಯ ಇದೆ. ಹೆದ್ದಾರಿಯ ತಂತಿ ಬೇಲಿಯ ಉದ್ದಕ್ಕೂ ಹಗಲಲ್ಲಿ ನಡೆದು ನೋಡಿ. ಬೇಲಿ ಕತ್ತರಿಸಿದ ಜಾಗ, ಬಗ್ಗಿಸಿದ ಜಾಗ, ಏರಿಯ ಮೇಲೆ ಹುಲ್ಲು ಸವೆದು ಕಾಲುದಾರಿ ಬಿದ್ದ ಜಾಗ, ಇವೇ ನಿಜವಾದ ನಿಲ್ದಾಣಗಳು. ಬೇಲಿಯನ್ನು ಮತ್ತೆ ಮತ್ತೆ ಹೊಲಿಯುವ ಬದಲು, ಹೊಲಿಯುವ ಮುಂಚೆ ಆ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ದಾರಿ ಕೊಡದಿದ್ದರೆ ಜನ ತಾವೇ ದಾರಿ ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಈ ಹೆದ್ದಾರಿಯಲ್ಲೇ ನಿದರ್ಶನ ಇದೆ. ಉದ್ಘಾಟನೆಯಾದ ಕೆಲವೇ ದಿನಕ್ಕೆ ರಾಮನಗರದ ಸಂಗಬಸವನದೊಡ್ಡಿ ಹತ್ತಿರ ರಸ್ತೆಯ ಮೇಲೆ ನೀರು ನಿಂತಾಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆ ಏನು? ಹಳ್ಳಿಯವರು ಹೊಲಕ್ಕೆ ಹೋಗಲು ಮಣ್ಣು ಸುರಿದು ಚರಂಡಿಯ ಮೇಲೆ ದಾರಿ ಮಾಡಿಕೊಂಡದ್ದರಿಂದ ನೀರು ಹರಿಯಲಿಲ್ಲ ಎಂದು. ಆ ಮಣ್ಣು ತೆಗೆಸಿದ್ದು ಸರಿ. ಹೊಲಕ್ಕೆ ಹೋಗುವವರಿಗೆ ದಾರಿ ಎಲ್ಲಿ ಎಂಬ ಪ್ರಶ್ನೆ ಅದಕ್ಕಿಂತ ಮೊದಲಿನದು.

ರಾತ್ರಿ ಒಂಬತ್ತೂವರೆಗೆ ನಮ್ಮವನು ಇಳಿದ. ಟೀ ಅಂಗಡಿ ಇಲ್ಲ, ಸರ್ಕಲ್ ಇಲ್ಲ. ಎತ್ತರದ ಏರಿ, ಎಡಕ್ಕೆ ಲೋಹದ ತಡೆ, ಅದರಾಚೆ ಬೇಲಿ, ಬೇಲಿಯಾಚೆ ಕೆಳಗೆ ಸರ್ವಿಸ್ ರಸ್ತೆ. ಫೋನ್ ಮಾಡಿ ತಂಗಿಯ ಮಗನನ್ನು ಬೈಕ್ ತರಲು ಕರೆದ. ಹುಡುಗ ಬರುವಂತಿಲ್ಲ: 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರಾಕ್ಟರಿಗೆ ನಿಷೇಧ. ಅಂದರೆ ಪ್ರಯಾಣಿಕನನ್ನು ಅಲ್ಲಿ ಇಳಿಸಬಹುದು, ಕರೆದೊಯ್ಯಲು ಯಾರೂ ಬರುವಂತಿಲ್ಲ. ನಿಷೇಧ ಮಾಡಿದ ಇಲಾಖೆಯೂ ಬಸ್ಸು ಓಡಿಸುವ ಇಲಾಖೆಯೂ ಒಂದು ದಿನ ಒಟ್ಟಿಗೆ ಕುಳಿತಿದ್ದರೆ ಈ ಅಡ್ಡಗೋಡೆ ಮೊದಲೇ ಕಾಣುತ್ತಿತ್ತು.

ಊರು ರಸ್ತೆಯ ಆಚೆ ಬದಿಗೆ ಇದ್ದರೆ ಆರು ಪಥ ದಾಟುವ ಆಸೆ ಬರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಬರುತ್ತದೆ. ಆ ವೇಗಕ್ಕೆ ಚಾಲಕ ನೋಡಿ, ಬ್ರೇಕ್ ಒತ್ತಿ, ನಿಲ್ಲಿಸಲು ರಸ್ತೆ ವಿನ್ಯಾಸದವರು ಇಡುವ ದೂರ 180 ಮೀಟರ್. ತಗ್ಗಿಸಿದ ಹೆಡ್‌ಲೈಟಿನಲ್ಲಿ ಬೂದು ಬಣ್ಣದ ಅಂಗಿ ತೊಟ್ಟ ಮನುಷ್ಯ ಕಾಣುವುದು ಅದರ ಅರ್ಧಕ್ಕಿಂತಲೂ ಹತ್ತಿರ ಬಂದ ಮೇಲೆ. ಎರಡು ಚೀಲ ಹಿಡಿದು ಮೂರು ಪಥ ದಾಟಲು ಹತ್ತು ಸೆಕೆಂಡು ಬೇಕು. ಇಷ್ಟು ಹೇಳಿದರೆ ಸಾಕು, ಮುಂದಿನದು ನಿಮಗೆ ಗೊತ್ತಿದೆ. ಅಷ್ಟೇ ಅಲ್ಲ, ಮುಖ್ಯ ಪಥದ ಅಂಚಿನಲ್ಲಿ ಅರ್ಧ ನಿಮಿಷ ನಿಂತ ಬಸ್ಸು ಹಿಂದೆ ಬರುವವರಿಗೂ ಅಪಾಯ. ರಾತ್ರಿ ಕೆಂಪು ದೀಪ ದೂರದಿಂದ ನೋಡಿದವನಿಗೆ ಬಸ್ಸು ಓಡುತ್ತಿದೆಯೋ ನಿಂತಿದೆಯೋ ಬೇಗ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರ ಊರೊಳಗೆ ಹೋಗುವುದೂ ಅಲ್ಲ, ಏರಿಯ ಮೇಲೆ ಇಳಿಸುವುದೂ ಅಲ್ಲ. ಹಳೆ ರಸ್ತೆ ಹೆದ್ದಾರಿಯಿಂದ ಕವಲೊಡೆಯುವ ತುದಿ ಮತ್ತು ಮತ್ತೆ ಬಂದು ಸೇರುವ ತುದಿ, ಇವೆರಡು ಕಡೆ ಸರ್ವಿಸ್ ರಸ್ತೆಗೆ ಅಂಟಿಕೊಂಡ ನಿಲುಗಡೆ ಮಾಡಿ. ರಾಮನಗರಕ್ಕೆ ಬೆಂಗಳೂರು ಕಡೆಯ ತುದಿ, ಚನ್ನಪಟ್ಟಣಕ್ಕೆ ಮೈಸೂರು ಕಡೆಯ ತುದಿ. ಬಸ್ಸು ಮುಖ್ಯ ಪಥ ಬಿಟ್ಟು ಇಳಿದು, ಒಂದು ನಿಮಿಷ ನಿಂತು, ಮತ್ತೆ ಸೇರಲು ನಾಲ್ಕರಿಂದ ಐದು ನಿಮಿಷ. ಅರ್ಧ ಗಂಟೆಯ ಜಾಗದಲ್ಲಿ ಐದು ನಿಮಿಷ ಎಂದರೆ ಯಾವ ಷೆಡ್ಯೂಲ್ ಆದರೂ ತಡೆದುಕೊಳ್ಳುತ್ತದೆ. ಎಲ್ಲ ಬಸ್ಸೂ ನಿಲ್ಲಬೇಕಿಲ್ಲ, ನಿಲ್ಲುವ ಬಸ್ಸುಗಳ ಯಂತ್ರದಲ್ಲಿ "ಚನ್ನಪಟ್ಟಣ ಕೂಡು ರಸ್ತೆ" ಎಂದು ಒಂದು ಸ್ಟೇಜು ಸೇರಿಸಿ. ಆಗ ಲೆಕ್ಕವೂ ಸಿಗುತ್ತದೆ, ನಿರ್ವಾಹಕರಿಗೆ ಜಗಳವೂ ತಪ್ಪುತ್ತದೆ. ನಿಲ್ಲದ ಬಸ್ಸಿನಿಂದ ನಡುವೆ ಯಾರನ್ನೂ ಇಳಿಸಲೇಬಾರದು ಎಂಬ ನಿಯಮವನ್ನು ಆಗ ಮಾತ್ರ ಜಾರಿ ಮಾಡಲು ಸಾಧ್ಯ. ಬೇರೆ ದಾರಿ ಕೊಡದೆ ಬರೀ ನಿಷೇಧ ಹೊರಡಿಸಿದರೆ ಮೂರನೇ ದಿನಕ್ಕೆ ಎಲ್ಲ ಮೊದಲಿನಂತೆ.

ಆ ನಿಲುಗಡೆ ಹೇಗಿರಬೇಕು? ಬಸ್ಸಿನ ಉದ್ದ ಹನ್ನೆರಡು ಮೀಟರ್, ಹಿಂದೊಂದು ಬಂದರೆ ನಿಲ್ಲಲು ಮೂವತ್ತು ಮೀಟರ್ ನೇರ ಜಾಗ ಬೇಕು, ಒಳಗೆ ತಿರುಗಲು ಹೊರಗೆ ಬರಲು ಓರೆ ಜಾಗ ಬೇರೆ. ದಾರಿದೀಪ, ಮೇಲ್ಛಾವಣಿ, ಶೌಚಾಲಯ. ಎದುರು ಬದಿಗೆ ಹೋಗಲು ಕೆಳಸೇತುವೆ ಇರುವ ಜಾಗವನ್ನೇ ಆರಿಸಿ, ಆ ಕೆಳಸೇತುವೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂದು ಒಂದು ಮಳೆಗಾಲ ನೋಡಿ ತೀರ್ಮಾನಿಸಿ. ಮುಖ್ಯವಾದದ್ದು ಇದ್ಯಾವುದೂ ಅಲ್ಲ: ಅಲ್ಲಿಂದ ಊರೊಳಗೆ ಹೋಗುವ ಬಸ್ಸು. ಅದಿಲ್ಲದಿದ್ದರೆ ಆ ನಿಲುಗಡೆ ಆಟೋದವರು ಕೇಳಿದಷ್ಟು ಕೊಡಬೇಕಾದ ಜಾಗವಾಗುತ್ತದೆ. ಹಳೆ ರಸ್ತೆಯಲ್ಲಿ ಈಗಲೇ ಓಡುವ ಸಾಮಾನ್ಯ ಬಸ್ಸುಗಳನ್ನು ಅಲ್ಲಿಗೆ ಬಂದು ಹೋಗುವಂತೆ ಮಾಡಿದರೆ ಹೊಸ ಬಸ್ಸೂ ಬೇಡ. ಕೊನೆಯ ಊರೊಳಗಿನ ಬಸ್ಸು, ಅಲ್ಲಿ ನಿಲ್ಲುವ ಕೊನೆಯ ಮೈಸೂರು ಬಸ್ಸಿಗಿಂತ ಹದಿನೈದು ನಿಮಿಷ ತಡವಾಗಿ ಹೊರಡಬೇಕು. ಮೊದಲೇ ಹೊರಟರೆ ಇಡೀ ಏರ್ಪಾಡು ನೀರಿನಲ್ಲಿ ಹೋಮ.

ಊರ ಹೊರಗೆ ಜಾಗ ಕೊಟ್ಟು ಒಳಗೆ ತಲುಪಿಸುವುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣವನ್ನು ನೋಡಿದರೆ ಸಾಕು. 2014ರಲ್ಲಿ ಉತ್ತರ ಕರ್ನಾಟಕದ ಬಸ್ಸುಗಳನ್ನು ಅಲ್ಲಿಂದ ಬಿಡಲು ಶುರು ಮಾಡಿದರು. ಕಟ್ಟಡದಲ್ಲಿ ಕೊರತೆ ಇರಲಿಲ್ಲ. ಲಗೇಜು, ಮಕ್ಕಳು ಸಮೇತ ಅಲ್ಲಿಗೆ ತಲುಪುವುದೇ ಜನಕ್ಕೆ ಇನ್ನೊಂದು ಪ್ರಯಾಣವಾಯಿತು, ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು.

ಹಳೆ ರಸ್ತೆಯದು ಬೇರೆಯೇ ಕಥೆ. ಬೈಪಾಸ್ ಆದ ಮೇಲೆ ಊರೊಳಗಿನ ಹಳೆ ಹೆದ್ದಾರಿಯನ್ನು ಒಮ್ಮೆ ದುರಸ್ತಿ ಮಾಡಿ ರಾಜ್ಯಕ್ಕೆ ಒಪ್ಪಿಸುವುದು ಪದ್ಧತಿ. ಡಾಂಬರು ಲೆಕ್ಕಕ್ಕೆ ಬರುತ್ತದೆ, ಫಲಕಗಳು ಬರುವುದಿಲ್ಲ. ಹಳೆಯ ಹಸಿರು ಫಲಕ "ಮೈಸೂರು" ಎಂದು ನೇರಕ್ಕೆ ಬಾಣ ತೋರಿಸುತ್ತ ನಿಂತಿರುತ್ತದೆ, ಅದನ್ನು ನಂಬಿದ ಲಾರಿ ಸಂತೆ ಬೀದಿಗೆ ಬರುತ್ತದೆ. ಹೊಸ ಹೆದ್ದಾರಿಯಲ್ಲಿ "ಚನ್ನಪಟ್ಟಣ" ಎಂಬ ಫಲಕ ಹೊರದಾರಿಯ ಬಾಯಲ್ಲೇ ಇದ್ದರೆ ಕಾರಿನವನು ಓದುವ ಹೊತ್ತಿಗೆ ದಾಟಿರುತ್ತಾನೆ, ಆಮೇಲೆ ನಿಲ್ಲಿಸಿ ಹಿಂದಕ್ಕೆ ತೆಗೆದುಕೊಳ್ಳುವ ಹುಚ್ಚು ಸಾಹಸ. ಒಂದು ಕಿಲೋಮೀಟರ್ ಮುಂಚೆ ಒಂದು, ಅರ್ಧ ಕಿಲೋಮೀಟರ್ ಮುಂಚೆ ಒಂದು, ಕವಲಿನಲ್ಲಿ ಒಂದು, ಮೂರೂ ಬೇಕು. ಈ ಬೈಪಾಸಿನ ಶುರುವಿನಲ್ಲಿ ಇನ್ನೊಂದು ವಿಶೇಷ ಫಲಕ ಕೇಳುತ್ತೇವೆ: "ರಾಮನಗರ, ಕೆಂಗಲ್, ಚನ್ನಪಟ್ಟಣ: ಇಲ್ಲೇ ಎಡಕ್ಕೆ." ಕೆಂಗಲ್ ಯಾಕೆ ಎಂದರೆ, ಊರು ಬಿಟ್ಟು ಹೋದವರ ನೆನಪಿನಲ್ಲಿ ಇರುವುದು ಹೆದ್ದಾರಿಯ ನಂಬರಲ್ಲ, ಹನುಮಂತನ ಗುಡಿ.

ಕೊನೆಗೆ ಬಸ್ ನಿಲ್ದಾಣ. ಇಲ್ಲಿ ಹೇಳುವುದು ಯಾವ ಒಂದು ಊರಿನದೂ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲಿ ನಿಲ್ದಾಣ ಹೊಸದಾಗಿ ಕಟ್ಟಿದಾಗ ಬಹಳ ಕಡೆ ಕಾಣುವ ಮಾತು. ಗ್ರಾನೈಟ್ ನೆಲ, ಎತ್ತರದ ಕಮಾನು, ಮುಂದೆ ಅಂಗಡಿ ಸಾಲು. ಹಳೆಯ ಬೇವಿನ ಮರ ಇರುವುದಿಲ್ಲ, ಅದರ ಕೆಳಗೆ ನಿಲ್ಲುತ್ತಿದ್ದ ಹಳ್ಳಿ ಬಸ್ಸುಗಳೂ ಇರುವುದಿಲ್ಲ. ಊರಿಗೆ ಬಂದವನಿಗೆ ಬೇಕಾದದ್ದು ಒಂದೇ ಮಾಹಿತಿ: ನನ್ನ ಹಳ್ಳಿಯ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ? ಅಂಕಣಗಳ ಮೇಲೆ 1, 2, 3 ಎಂದು ಬರೆದಿರುತ್ತದೆ, ಜೊತೆಗೆ ದೊಡ್ಡ ಊರುಗಳ ಹೆಸರು. ಮೈಸೂರಿಗೆ ಹೋಗುವವನಿಗೆ ಯಾರಾದರೂ ಹೇಳುತ್ತಾರೆ, ಹೊಂಗನೂರಿಗೋ ಅಕ್ಕೂರಿಗೋ ಹೋಗುವವನಿಗೆ ಫಲಕ ಬೇಕು. ದಾರಿಯ ಪ್ರಕಾರ ಅಂಕಣ ಹಂಚಿ, ಆ ದಾರಿಯಲ್ಲಿ ಬರುವ ಹಳ್ಳಿಗಳನ್ನು ಬಸ್ಸು ಮುಟ್ಟುವ ಕ್ರಮದಲ್ಲೇ ಬರೆಯಿರಿ. ಅಕಾರಾದಿ ಬೇಡ. ಹಳ್ಳಿಯವರು ತಮ್ಮ ಊರನ್ನು ಹುಡುಕುವುದು "ಅದಾದ ಮೇಲೆ ಇದು" ಎಂಬ ಲೆಕ್ಕದಲ್ಲಿ. ಸಮಯ ಪಟ್ಟಿಯಲ್ಲಿ ಕೊನೆಯ ಬಸ್ಸನ್ನು ಕೆಂಪಿನಲ್ಲಿ ಬರೆಯಿರಿ, ರಾತ್ರಿ ಬಂದವನು ಮೊದಲು ನೋಡುವುದು ಅದನ್ನೇ.

ಕಟ್ಟುವಾಗಲೇ ಸರಿಪಡಿಸಬೇಕಾದ ಒಂದು ವಿಷಯ ಇದೆ. ಅಂಕಣಕ್ಕೆ ಬಸ್ಸು ಮೂತಿ ತಾಗಿಸಿ ನಿಲ್ಲುವ ವಿನ್ಯಾಸದಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ಬಸ್ಸು ಹಿಡಿಯುತ್ತವೆ. ಆದರೆ ಹೊರಡುವಾಗ ಪ್ರತಿ ಬಸ್ಸೂ ಹಿಂದಕ್ಕೆ ಬರಲೇಬೇಕು. ಹಿಂದೆ ಏನಿದೆ ಎಂದು ಚಾಲಕನಿಗೆ ಕಾಣುವುದಿಲ್ಲ, ಹೊಸಬರು ನಡೆದಾಡುವುದು ಅಲ್ಲೇ. ಗರಗಸದ ಹಲ್ಲಿನಂತೆ ಓರೆಯಾಗಿ ನಿಲ್ಲಿಸಿ ಮುಂದಕ್ಕೇ ಹೊರಡುವ ವಿನ್ಯಾಸಕ್ಕೆ ಜಾಗ ಹೆಚ್ಚು ಬೇಕು. ಹತ್ತು ಅಂಗಡಿ ಕಡಿಮೆ ಮಾಡಿದರೆ ಆ ಜಾಗ ಸಿಗುತ್ತದೆ. ಬಾಡಿಗೆಯ ಆಸೆಗೆ ಅಂಗಡಿ ಉಳಿಸಿಕೊಳ್ಳುವುದಾದರೆ, ಬಸ್ಸು ಹಿಂದೆ ಬರುವ ಪಟ್ಟಿಗೆ ಜನ ಕಾಲಿಡದಂತೆ ಕಂಬಿ ಹಾಕಿ, ಹೊರಗಿನಿಂದ ಅಂಕಣಕ್ಕೆ ಬರಲು ಒಂದೇ ದಾರಿ ಇಡಿ.

ನಮ್ಮವನಿಗೆ ಇಷ್ಟೆಲ್ಲ ಗೊತ್ತಿದ್ದರೆ ಬೆಂಗಳೂರಿನಿಂದ ರೈಲು ಹಿಡಿಯುತ್ತಿದ್ದ. ಚನ್ನಪಟ್ಟಣದ ರೈಲು ನಿಲ್ದಾಣ ಊರಲ್ಲೇ ಇದೆ, ಹಳಿಗೆ ಬೈಪಾಸ್ ಇಲ್ಲ.

ಈ ಕೆಲಸಗಳಲ್ಲಿ ಹಲಗೆ ಮತ್ತು ಕಂಟ್ರೋಲರ್ ಸಹಿ ಒಂದು ತಿಂಗಳಿನದು, ಸ್ಟೇಜು ಸೇರಿಸುವುದು ಒಂದು ದಿನದ್ದು, ಫಲಕ ಬದಲಿಸುವುದು ಒಂದು ಟೆಂಡರಿನದು, ಕೂಡು ರಸ್ತೆಯ ನಿಲುಗಡೆ ಮಾತ್ರ ಎರಡು ಇಲಾಖೆ ಕೂಡಿ ಮಾಡಬೇಕಾದದ್ದು. ಅದು ಆಗುವವರೆಗೆ ಉಳಿದ ಮೂರನ್ನು ತಡೆಯಬೇಡಿ.

ಇಂತಿ,
ಬಸ್ಸಿನ ವೇಳಾಪಟ್ಟಿ, ರಸ್ತೆ ಫಲಕಗಳ ಕೆಲಸ ಬಲ್ಲ ಕೆಲವು ನಾಗರಿಕರು

ಮರುಬರಹ: ಇದನ್ನು ಓದುವವರಲ್ಲಿ ಊರಿಗೆ ಹೊರಟವರೂ ಇರಬಹುದು. ಬಸ್ಸು ಹತ್ತುವ ಮುಂಚೆ "ಚನ್ನಪಟ್ಟಣ ಹೋಗುತ್ತಾ?" ಎಂದು ಕೇಳಬೇಡಿ, "ಬೈಪಾಸಲ್ಲಿ ಬಿಡ್ತೀವಿ" ಎನ್ನುವವರೂ ಅದಕ್ಕೆ ಹೂಂ ಎನ್ನುತ್ತಾರೆ. "ಚನ್ನಪಟ್ಟಣ ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ?" ಎಂದು ಕೇಳಿ. ಹೌದು ಎಂದರೆ ಟಿಕೆಟಿನಲ್ಲಿ ಚನ್ನಪಟ್ಟಣ ಎಂದೇ ಅಚ್ಚಾಗಿದೆಯೇ ನೋಡಿ. ರಾಮನಗರ ಅಥವಾ ಮದ್ದೂರು ಎಂದಿದ್ದರೆ ಇನ್ನೊಮ್ಮೆ ಕೇಳಿ, ಬಸ್ಸು ಕೆಂಗೇರಿ ದಾಟುವ ಮೊದಲು.